ಬಗ್ದಾದಿನ ಕೋಷ್ಟಕ, ಮರ್ರಾಕಿಶ್‌ನ ರೇಷ್ಮೆ ಎಳೆ

ನಮ್ಮ ಮನೆಗಳಲ್ಲಿ ಪಿಯುಸಿ ವಿಜ್ಞಾನ ಓದುವ ಮಕ್ಕಳು ‘ದ್ವಿಪದ ಪ್ರಮೇಯ’ ಎಂಬ ಪಾಠವನ್ನು ಕಲಿಯುತ್ತಾರೆ. ಎರಡು ಪದಗಳ ಮೊತ್ತವನ್ನು, ಅಂದರೆ (a + b) ಯನ್ನು, ಅದರಿಂದಲೇ ಮತ್ತೆ ಮತ್ತೆ ಗುಣಿಸಿದರೆ ಏನು ಬರುತ್ತದೆ ಎಂಬುದೇ ಆ ಪಾಠ. ಪುಸ್ತಕದಲ್ಲಿ ಪಾಸ್ಕಲ್, ನ್ಯೂಟನ್ ಎಂಬ ಹೆಸರುಗಳು ಕಾಣುತ್ತವೆ. ಪಾಸ್ಕಲ್ ಅವರ ತ್ರಿಕೋನದ ಕೃತಿ ಅಚ್ಚಾದದ್ದು 1665ರಲ್ಲಿ. ಅದಕ್ಕಿಂತ ಐದು ಶತಮಾನಗಳಿಗೂ ಹಿಂದೆ ಅದೇ ಸಂಖ್ಯೆಗಳನ್ನು ಬಗ್ದಾದಿನ ಹತ್ತೊಂಬತ್ತು ವರ್ಷದ ಒಬ್ಬ ಯುವಕ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದ. ಇದನ್ನು ಹೇಳಿ ‘ನಾವೇ ಮೊದಲು’ ಎಂದು ಬೀಗಿ ಸುಮ್ಮನಾಗುವುದು ಸುಲಭ. ಆದರೆ ಅವರು ಏನು ಮಾಡಿದರು, ಹೇಗೆ ಮಾಡಿದರು, ಅವರಿಗೆ ಎಲ್ಲಿ ತೊಡಕಾಯಿತು, ಆ ತೊಡಕನ್ನು ಬಿಡಿಸಿದವರು ಯಾರು ಎಂಬುದನ್ನು ತಿಳಿಯದೆ ಹೆಸರನ್ನಷ್ಟೇ ಹೇಳಿದರೆ ಅದು ಇತಿಹಾಸವಾಗುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಸ್ವಲ್ಪ ಲೆಕ್ಕವನ್ನೂ ಮಾಡೋಣ. ಪೆನ್ನು, ಕಾಗದ ಹತ್ತಿರವಿರಲಿ.

ಕಳೆದುಹೋದ ಪುಸ್ತಕ, ಉಳಿದ ಹೆಸರು

ಕ್ರಿ.ಶ. ಹನ್ನೊಂದನೇ ಶತಮಾನದ ಆರಂಭದಲ್ಲಿ ಬಗ್ದಾದಿನಲ್ಲಿ ಅಲ್-ಕರಜಿ ಎಂಬ ಗಣಿತಜ್ಞರಿದ್ದರು. ಅಲ್-ಖ್ವಾರಿಝ್ಮಿಯವರ ‘ಅಲ್-ಜಬ್ರ್’ ಬಂದು ಆಗಲೇ ಸುಮಾರು ಇನ್ನೂರು ವರ್ಷಗಳಾಗಿದ್ದವು. ಅಲ್ಲಿಯವರೆಗೆ ಬೀಜಗಣಿತವನ್ನು ರೇಖಾಚಿತ್ರಗಳ ಆಸರೆಯಲ್ಲಿ ವಿವರಿಸುವುದು ರೂಢಿ. ವರ್ಗ ಎಂದರೆ ಒಂದು ಚೌಕ, ಘನ ಎಂದರೆ ಒಂದು ಪೆಟ್ಟಿಗೆ. ನಾಲ್ಕನೇ ಘಾತಕ್ಕೆ ಬಂದಾಗ ಬರೆದು ತೋರಿಸಲು ಯಾವ ಚಿತ್ರವೂ ಇಲ್ಲ. ಅಲ್-ಕರಜಿ ಚಿತ್ರದ ಆಸರೆಯನ್ನು ಬಿಟ್ಟರು. ಗೊತ್ತಿಲ್ಲದ ಸಂಖ್ಯೆಗೆ ‘ಶೈ’ ಅಂದರೆ ವಸ್ತು, ಅದರ ವರ್ಗಕ್ಕೆ ‘ಮಾಲ್’, ಘನಕ್ಕೆ ‘ಕಅಬ್’, ನಾಲ್ಕನೆಯದಕ್ಕೆ ‘ಮಾಲ್ ಮಾಲ್’, ಐದನೆಯದಕ್ಕೆ ‘ಮಾಲ್ ಕಅಬ್’ ಎಂಬ ಹೆಸರುಗಳಿದ್ದವು. ಅವುಗಳನ್ನು ಬರೀ ಸಂಖ್ಯೆಗಳಂತೆಯೇ ಕೂಡಿಸಿ ಗುಣಿಸುವ ನಿಯಮಗಳನ್ನು ಅವರು ಕಟ್ಟಿದರು. ಚಿತ್ರ ಬರೆಯಲಾಗದ ಐದನೇ, ಆರನೇ, ಹನ್ನೆರಡನೇ ಘಾತದವರೆಗೂ ಹೋಗಲು ದಾರಿಯಾದದ್ದು ಹೀಗೆ.

ಅಲ್-ಕರಜಿಯವರ ‘ಅಲ್-ಫಖ್ರಿ’ ಮತ್ತು ‘ಅಲ್-ಬದೀಅ್’ ನಮಗೆ ಸಿಕ್ಕಿವೆ. ಆದರೆ ದ್ವಿಪದದ ಕೋಷ್ಟಕ ಇದ್ದ ಅವರ ಬರಹ ಕಳೆದುಹೋಗಿದೆ. ಹಾಗಾದರೆ ಅದು ಅವರದೆಂದು ನಮಗೆ ಹೇಗೆ ತಿಳಿಯಿತು?

ತಿಳಿಸಿದವರು ಅಲ್-ಸಮವ್‌ಅಲ್. ಸುಮಾರು 1130ರಲ್ಲಿ ಬಗ್ದಾದಿನಲ್ಲಿ ಹುಟ್ಟಿದವರು. ತಂದೆ ಮೊರೊಕ್ಕೊದ ಫಾಸ್ ನಗರದ ಕಡೆಯಿಂದ ಬಂದ ಯಹೂದಿ ವಿದ್ವಾಂಸರು. ಸಮವ್‌ಅಲ್ ವೃತ್ತಿಯಲ್ಲಿ ವೈದ್ಯರಾದರು. 1163ರಲ್ಲಿ ಮರಾಘಾದಲ್ಲಿ ಇಸ್ಲಾಂ ಸ್ವೀಕರಿಸಿದರು. ಸುಮಾರು 1180ರಲ್ಲಿ ಅಲ್ಲಿಯೇ ತೀರಿಕೊಂಡರು. ತಮ್ಮ ಗಣಿತ ಗ್ರಂಥ ‘ಅಲ್-ಬಾಹಿರ್ ಫಿಲ್ ಜಬ್ರ್’ ಬರೆದಾಗ ಅವರಿಗೆ ಹತ್ತೊಂಬತ್ತು ವರ್ಷ. ಆಗ ಅವರು ಇನ್ನೂ ಯಹೂದಿಯಾಗಿಯೇ ಇದ್ದರು. ಆ ಗ್ರಂಥದಲ್ಲಿ ಹನ್ನೆರಡನೇ ಘಾತದವರೆಗಿನ ಕೋಷ್ಟಕವಿದೆ. ‘ನಾನೇ ಕಂಡುಹಿಡಿದೆ’ ಎಂದು ಬರೆದುಕೊಂಡಿದ್ದರೆ ಪ್ರಶ್ನಿಸುವವರು ಯಾರೂ ಇರಲಿಲ್ಲ. ಆ ಯುವಕ ಅದನ್ನು ಅಲ್-ಕರಜಿಯವರಿಂದ ಬಂದದ್ದು ಎಂದೇ ಬರೆದರು. ನೂರಕ್ಕೂ ಹೆಚ್ಚು ವರ್ಷ ಹಿಂದಿನ ಒಬ್ಬ ಗಣಿತಜ್ಞರ ಹಕ್ಕು ಈ ಒಂದು ಪ್ರಾಮಾಣಿಕ ಉಲ್ಲೇಖದಿಂದ ಉಳಿಯಿತು.

ಕೋಷ್ಟಕ ಕಟ್ಟುವ ಬಗೆ

(a + b)² ಎಂದರೆ a² + 2ab + b². ಇದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಇಲ್ಲಿ ಪದಗಳ ಮುಂದಿರುವ ಸಂಖ್ಯೆಗಳು 1, 2, 1. ಇವನ್ನು ಸಹಗುಣಕಗಳು ಎನ್ನುತ್ತಾರೆ. ಇನ್ನೊಮ್ಮೆ (a + b) ಯಿಂದ ಗುಣಿಸಿದರೆ 1, 3, 3, 1. ಮತ್ತೊಮ್ಮೆ ಗುಣಿಸಿದರೆ 1, 4, 6, 4, 1.

ಸಮವ್‌ಅಲ್ ಅವರು ಇದಕ್ಕೆ ಕೊಟ್ಟ ನಿಯಮ ಕೂಡಿಸುವುದಷ್ಟೇ. ಎರಡು ತುದಿಗಳಲ್ಲಿ ಒಂದೊಂದು ಇಡಬೇಕು. ನಡುವಿನ ಪ್ರತಿ ಸಂಖ್ಯೆಗೂ ಹಿಂದಿನ ಸಾಲಿನ ಅಕ್ಕಪಕ್ಕದ ಎರಡು ಸಂಖ್ಯೆಗಳನ್ನು ಕೂಡಿಸಬೇಕು. 1, 3, 3, 1 ರಲ್ಲಿ ಒಂದು ಮತ್ತು ಮೂರು ಸೇರಿ ನಾಲ್ಕು, ಮೂರು ಮತ್ತು ಮೂರು ಸೇರಿ ಆರು, ಮೂರು ಮತ್ತು ಒಂದು ಸೇರಿ ನಾಲ್ಕು. ನಾವು ಅಡ್ಡ ಸಾಲಿನಲ್ಲಿ ಬರೆಯುವುದನ್ನು ಅವರು ಒಂದರ ಕೆಳಗೆ ಒಂದರಂತೆ ಕಂಬದಲ್ಲಿ ಬರೆದರು. ಬೇರೆ ವ್ಯತ್ಯಾಸವಿಲ್ಲ. ಈ ನಿಯಮ ಏಕೆ ಸರಿ ಎಂಬುದನ್ನೂ ಅವರು ತೋರಿಸಿದರು. ಮೂರನೇ ಘಾತ ಸಿದ್ಧವಾದ ಮೇಲೆ ಅದನ್ನೇ ಹಿಡಿದು ನಾಲ್ಕನೆಯದು, ನಾಲ್ಕನೆಯದನ್ನು ಹಿಡಿದು ಐದನೆಯದು, ಹೀಗೆ ಮೆಟ್ಟಿಲು ಹತ್ತಿದಂತೆ.

ಈ ಮೆಟ್ಟಿಲುಗಳನ್ನು ಹತ್ತುತ್ತಾ ಹೋದರೆ ಹನ್ನೆರಡನೇ ಸಾಲು ಹೀಗೆ ಬರುತ್ತದೆ: 1, 12, 66, 220, 495, 792, 924. ಅಲ್ಲಿಂದ ಮುಂದೆ ಅದೇ ಸಂಖ್ಯೆಗಳು ಹಿಂದಿರುಗುತ್ತವೆ: 792, 495, 220, 66, 12, 1.

ಈ ವಿಧಾನದ ಒಂದು ಅಪಾಯವನ್ನು ಗಮನಿಸಬೇಕು. ಐದನೇ ಸಾಲಿನಲ್ಲಿ ಒಂದು ಕೂಡಿಕೆ ತಪ್ಪಿದರೆ ಆ ತಪ್ಪು ಆರನೆಯದರಲ್ಲಿ ಎರಡು ಕಡೆ, ಏಳನೆಯದರಲ್ಲಿ ಮೂರು ಕಡೆ ಹರಡುತ್ತದೆ. ಅದನ್ನು ಹಿಡಿಯಲು ಸುಲಭದ ಒಂದು ಪರೀಕ್ಷೆ ಇದೆ. ಪ್ರತಿ ಸಾಲಿನ ಮೊತ್ತವು ಹಿಂದಿನ ಸಾಲಿನ ಮೊತ್ತದ ಎರಡರಷ್ಟಿರಬೇಕು: 2, 4, 8, 16 ಹೀಗೆ. ಹನ್ನೆರಡನೇ ಸಾಲಿನ ಸಂಖ್ಯೆಗಳನ್ನು ಕೂಡಿಸಿ ನೋಡಿ, 4096 ಬರಬೇಕು.

ನಿಜವಾದ ತೊಡಕು ಬೇರೆ. ನನಗೆ ಬೇಕಾದದ್ದು ಹನ್ನೆರಡನೇ ಸಾಲಿನ 220 ಒಂದೇ ಎಂದಿಟ್ಟುಕೊಳ್ಳಿ. ಆ ಒಂದಕ್ಕಾಗಿ ಮೊದಲಿನ ಎಲ್ಲ ಸಾಲುಗಳನ್ನೂ ಕಟ್ಟುತ್ತಾ ಬರಬೇಕು. ಹನ್ನೆರಡು ಸಾಲುಗಳ ಪೂರ್ತಿ ಕೋಷ್ಟಕಕ್ಕೆ 66 ಕೂಡಿಕೆಗಳು ಬೇಕು. ಐವತ್ತನೇ ಸಾಲಿನ ಒಂದು ಸಂಖ್ಯೆ ಬೇಕಾದರೆ ಸಾವಿರಕ್ಕೂ ಮಿಕ್ಕಿ. ಬೇಕಾದ ಮನೆಗೆ ನೇರವಾಗಿ ಹೋಗುವ ದಾರಿ ಇಲ್ಲವೇ?

ರೇಷ್ಮೆಯ ಗೊಂಡೆಗಳು

ಆ ದಾರಿ ತೆರೆದದ್ದು ಬೀಜಗಣಿತದ ಕಡೆಯಿಂದಲ್ಲ, ಎಣಿಕೆಯ ಕಡೆಯಿಂದ. ಅಂದಲುಸಿನ ದಾನಿಯಾದಲ್ಲಿ ಹುಟ್ಟಿ ಮೊರೊಕ್ಕೊದ ಮರ್ರಾಕಿಶ್‌ನಲ್ಲಿ ನೆಲೆಸಿದ ಇಬ್ನ್ ಮುನ್‌ಇಮ್ ಎಂಬ ಗಣಿತಜ್ಞರಿದ್ದರು. ಅವರು ತೀರಿಕೊಂಡದ್ದು 1228ರಲ್ಲಿ. ಅರಬಿಯ ಅಕ್ಷರಗಳಿಂದ ಒಟ್ಟು ಎಷ್ಟು ಪದಗಳನ್ನು ಕಟ್ಟಲು ಸಾಧ್ಯ ಎಂಬುದು ಅವರ ದೊಡ್ಡ ಪ್ರಶ್ನೆ. ಅದಕ್ಕೆ ಪೀಠಿಕೆಯಾಗಿ ಅವರು ಒಂದು ಸಣ್ಣ ಪ್ರಶ್ನೆ ಹಾಕಿಕೊಂಡರು. ಹತ್ತು ಬಣ್ಣದ ರೇಷ್ಮೆ ಇದೆ. ಅದರಿಂದ ಗೊಂಡೆಗಳನ್ನು ಮಾಡಬೇಕು. ಕೆಲವು ಒಂದೇ ಬಣ್ಣದವು, ಕೆಲವು ಎರಡು ಬಣ್ಣದವು, ಕೆಲವು ಮೂರು ಬಣ್ಣದವು, ಹೀಗೆ ಹತ್ತರವರೆಗೆ. ಪ್ರತಿಯೊಂದು ಬಗೆಯಲ್ಲಿ ಎಷ್ಟೆಷ್ಟು ಗೊಂಡೆಗಳಾಗುತ್ತವೆ?

ಒಂದೇ ಬಣ್ಣದವು ಹತ್ತು. ಎರಡು ಬಣ್ಣದವು 45. ಮೂರು ಬಣ್ಣದವು 120. ಸಮವ್‌ಅಲ್ ಅವರ ಕೋಷ್ಟಕದ ಹತ್ತನೇ ಸಾಲನ್ನು ತೆಗೆದು ನೋಡಿ: 1, 10, 45, 120. ಅವೇ ಸಂಖ್ಯೆಗಳು!

ಇದು ಕಾಕತಾಳೀಯವಲ್ಲ, ಕಾರಣ ಸರಳ. (a + b) ಯ ಹನ್ನೆರಡನೇ ಘಾತ ಎಂದರೆ ಹನ್ನೆರಡು ಆವರಣಗಳನ್ನು ಸಾಲಾಗಿಟ್ಟು ಗುಣಿಸುವುದು. ಗುಣಿಸುವಾಗ ಪ್ರತಿ ಆವರಣದಿಂದಲೂ ಒಂದನ್ನು, a ಅಥವಾ b ಯನ್ನು, ಎತ್ತಿಕೊಳ್ಳುತ್ತೇವೆ. ಮೂರು ಆವರಣಗಳಿಂದ b, ಉಳಿದ ಒಂಬತ್ತರಿಂದ a ಎತ್ತಿಕೊಂಡರೆ a⁹b³ ಸಿಗುತ್ತದೆ. ಆ ಮೂರು ಆವರಣಗಳು ಯಾವುವಾದರೂ ಆಗಬಹುದು. ಹಾಗಾಗಿ a⁹b³ ಎಷ್ಟು ಸಲ ಬರುತ್ತದೆ ಎಂದು ಕೇಳುವುದೂ, ಹನ್ನೆರಡು ಬಣ್ಣಗಳಲ್ಲಿ ಮೂರನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂದು ಕೇಳುವುದೂ ಒಂದೇ ಪ್ರಶ್ನೆ.

ಆರಿಸುವುದನ್ನು ನೇರವಾಗಿ ಎಣಿಸಬಹುದು. ಮೊದಲನೆಯದಕ್ಕೆ ಹನ್ನೆರಡು ಆಯ್ಕೆ, ಎರಡನೆಯದಕ್ಕೆ ಹನ್ನೊಂದು, ಮೂರನೆಯದಕ್ಕೆ ಹತ್ತು. 12 × 11 × 10 = 1320. ಆದರೆ ಕೆಂಪು-ಹಸಿರು-ಹಳದಿ ಎಂದರೂ ಹಳದಿ-ಕೆಂಪು-ಹಸಿರು ಎಂದರೂ ಗೊಂಡೆ ಒಂದೇ. ಮೂರು ಬಣ್ಣಗಳನ್ನು ಆರು ಕ್ರಮಗಳಲ್ಲಿ ಹೇಳಬಹುದಾದ್ದರಿಂದ ಪ್ರತಿ ಗೊಂಡೆಯನ್ನೂ ಆರು ಸಲ ಎಣಿಸಿದ್ದೇವೆ. ಆರರಿಂದ ಭಾಗಿಸಿದರೆ 220. ಹಿಂದಿನ ಒಂದು ಸಾಲನ್ನೂ ಕಟ್ಟದೆ ಹನ್ನೆರಡನೇ ಸಾಲಿನ ಆ ಮನೆ ತಲುಪಿದೆವು.

ಇಬ್ನ್ ಮುನ್‌ಇಮ್ ತಮ್ಮ ಸಂಖ್ಯೆಗಳನ್ನು ಕೂಡಿಕೆಯ ಕೋಷ್ಟಕದಿಂದಲೇ ಪಡೆದರು. ಮರ್ರಾಕಿಶ್‌ನವರೇ ಆದ ಇಬ್ನುಲ್ ಬನ್ನಾ (1256–1321) ತಮ್ಮ ‘ರಫ್‌ಉಲ್ ಹಿಜಾಬ್’ ಗ್ರಂಥದಲ್ಲಿ ಗುಣಿಸಿ ಭಾಗಿಸುವ ನಿಯಮವನ್ನು ಕೊಟ್ಟರು. ಒಂದು ಸಂಖ್ಯೆ ಗೊತ್ತಿದ್ದರೆ ಅದೇ ಸಾಲಿನ ಮುಂದಿನದನ್ನು ಅದರಿಂದಲೇ ಪಡೆಯಬಹುದು. ಹನ್ನೆರಡನೇ ಸಾಲಿನಲ್ಲಿ ಒಂದರಿಂದ ಹೊರಡಿ. 12ರಿಂದ ಗುಣಿಸಿ 1ರಿಂದ ಭಾಗಿಸಿದರೆ 12. ಅದನ್ನು 11ರಿಂದ ಗುಣಿಸಿ 2ರಿಂದ ಭಾಗಿಸಿದರೆ 66. ಅದನ್ನು 10ರಿಂದ ಗುಣಿಸಿ 3ರಿಂದ ಭಾಗಿಸಿದರೆ 220. ಗುಣಿಸುವ ಸಂಖ್ಯೆ ಒಂದೊಂದು ಇಳಿಯುತ್ತದೆ, ಭಾಗಿಸುವ ಸಂಖ್ಯೆ ಒಂದೊಂದು ಏರುತ್ತದೆ.

ಇಲ್ಲಿ ನಮ್ಮ ನಾಡಿನ ಒಂದು ಹೆಸರನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಇಬ್ನುಲ್ ಬನ್ನಾರಿಗಿಂತ ನಾನೂರು ವರ್ಷಗಳಿಗೂ ಹಿಂದೆ, ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆರಿಸುವ ಬಗೆಗಳನ್ನು ಎಣಿಸಲು ಇದೇ ಗುಣಿಸಿ ಭಾಗಿಸುವ ನಿಯಮ ಆ ಗ್ರಂಥದಲ್ಲಿದೆ. ಅದಕ್ಕೆ ಅವರು ಕೊಟ್ಟ ಒಂದು ಉದಾಹರಣೆ ರೇಷ್ಮೆಯದಲ್ಲ, ನಾಲಿಗೆಯದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳ ಬೆರಕೆಗಳು. ಆರರಲ್ಲಿ ಮೂರನ್ನು ಆರಿಸುವುದಾದರೆ 6 × 5 × 4 ಅನ್ನು ಆರರಿಂದ ಭಾಗಿಸಿ 20 ಬೆರಕೆಗಳು. ಕಲಬುರಗಿಯ ರುಚಿಗೂ ಮರ್ರಾಕಿಶ್‌ನ ರೇಷ್ಮೆಗೂ ಲೆಕ್ಕ ಒಂದೇ. ಸತ್ಯವಾದ ವಿಷಯ ಯಾರ ಬಳಿ ಮೊದಲು ಸಿಕ್ಕಿತೋ ಅವರ ಹೆಸರು ಹೇಳಬೇಕು. ಸಮವ್‌ಅಲ್ ನಮಗೆ ಕಲಿಸುವುದೂ ಅದನ್ನೇ.

ಬೇಕಾದ ಪದ ಒಂದೇ

ಈಗ ಪಿಯುಸಿ ಮಕ್ಕಳ ಪ್ರಶ್ನೆಗೆ ಬರೋಣ. (x + 2)¹² ಅನ್ನು ವಿಸ್ತರಿಸಿದರೆ ಹದಿಮೂರು ಪದಗಳು ಬರುತ್ತವೆ. x⁹ ಇರುವ ಪದ ಮಾತ್ರ ಬೇಕು. ಪೂರ್ತಿ ವಿಸ್ತರಿಸುವ ಅಗತ್ಯವಿಲ್ಲ.

ಮೊದಲು ಕೇಳಬೇಕಾದದ್ದು: ಎಷ್ಟು ಆವರಣಗಳಿಂದ 2 ಅನ್ನು ಎತ್ತಿಕೊಂಡರೆ x⁹ ಉಳಿಯುತ್ತದೆ? ಹನ್ನೆರಡರಲ್ಲಿ ಒಂಬತ್ತು x ಆದರೆ ಉಳಿದದ್ದು ಮೂರು. ಮೂರು ಆವರಣಗಳನ್ನು ಆರಿಸುವ ಬಗೆ 220. ಪ್ರತಿ ಬಗೆಯಲ್ಲೂ 2 ಮೂರು ಸಲ ಬರುತ್ತದೆ, ಅಂದರೆ 2³ = 8. ಆದ್ದರಿಂದ ಪದ 220 × 8 × x⁹, ಅಂದರೆ 1760x⁹. ಪುಸ್ತಕದಲ್ಲಿ ಇದನ್ನೇ ಹೀಗೆ ಬರೆದಿರುತ್ತಾರೆ:

T(r+1) = C(n, r) · aⁿ⁻ʳ · bʳ

ಇಲ್ಲಿ n ಎಂದರೆ ಘಾತ, r ಎಂದರೆ ಎರಡನೇ ಪದವನ್ನು ಎಷ್ಟು ಆವರಣಗಳಿಂದ ಎತ್ತಿಕೊಂಡೆವು ಎಂಬ ಎಣಿಕೆ, C(n, r) ಎಂದರೆ ಹಾಗೆ ಆರಿಸುವ ಬಗೆಗಳ ಸಂಖ್ಯೆ.

ಮಕ್ಕಳು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, 220x⁹ ಎಂದು ಬರೆದು ನಿಲ್ಲಿಸುವುದು. ಕೋಷ್ಟಕದ ಸಂಖ್ಯೆ ಬಗೆಗಳ ಎಣಿಕೆ ಮಾತ್ರ. ಎತ್ತಿಕೊಂಡ 2ಗಳನ್ನೂ ಗುಣಿಸಬೇಕು. (x − 2)¹² ಆಗಿದ್ದರೆ ಮೈನಸ್ ಎರಡು ಮೂರು ಸಲ ಗುಣಿಸಿ ಉತ್ತರ −1760x⁹ ಆಗುತ್ತಿತ್ತು. ಎರಡು, ‘ನಾಲ್ಕನೇ ಪದ ಕಂಡುಹಿಡಿ’ ಎಂದರೆ r = 4 ಎಂದು ಹಾಕುವುದು. ಮೊದಲ ಪದದಲ್ಲಿ b ಒಂದೂ ಇಲ್ಲ, ಅಲ್ಲಿ r ಸೊನ್ನೆ. ಹಾಗಾಗಿ ನಾಲ್ಕನೇ ಪದದಲ್ಲಿ r ಮೂರು. ನಮ್ಮ 1760x⁹ ನಾಲ್ಕನೇ ಪದವೇ.

ಸ್ವಲ್ಪ ಕಠಿಣವಾದದ್ದನ್ನು ನೋಡೋಣ. (x² + 2/x)⁹ ನಲ್ಲಿ x ಇಲ್ಲದ ಪದ ಯಾವುದು? ಎರಡನೆಯದನ್ನು r ಆವರಣಗಳಿಂದ ಎತ್ತಿಕೊಂಡರೆ ಮೊದಲನೆಯದು (9 − r) ಸಲ ಬರುತ್ತದೆ. ಮೊದಲನೆಯದು ಪ್ರತಿ ಸಲ x ನ ಘಾತವನ್ನು ಎರಡು ಏರಿಸುತ್ತದೆ, ಎರಡನೆಯದು ಒಂದು ಇಳಿಸುತ್ತದೆ. ಒಟ್ಟು ಘಾತ 2(9 − r) − r, ಅಂದರೆ 18 − 3r. ಇದು ಸೊನ್ನೆಯಾಗಬೇಕಾದರೆ r = 6. ಒಂಬತ್ತರಲ್ಲಿ ಆರನ್ನು ಆರಿಸುವುದೆಂದರೆ ಬಿಟ್ಟುಬಿಡಬೇಕಾದ ಮೂರನ್ನು ಆರಿಸಿದಂತೆಯೇ: 9 × 8 × 7 ÷ 6 = 84. 2⁶ = 64. ಉತ್ತರ 84 × 64 = 5376.

ಇದರಲ್ಲೇ x⁴ ಇರುವ ಪದ ಕೇಳಿದರೆ? 18 − 3r = 4 ಆಗಬೇಕು, ಅಂದರೆ 3r = 14. ಹದಿನಾಲ್ಕು ಮೂರರಿಂದ ಭಾಗವಾಗುವುದಿಲ್ಲ. ಅರ್ಧ, ಮುಕ್ಕಾಲು ಆವರಣ ಆರಿಸಲು ಆಗುವುದಿಲ್ಲ. ಆದ್ದರಿಂದ ಅಂತಹ ಪದವೇ ಇಲ್ಲ. r ಪೂರ್ಣಸಂಖ್ಯೆಯಾಗಿ ಬರದಿದ್ದರೆ ಅದೇ ಉತ್ತರ.

ಸಮರ್ಕಂದದ ಐದನೇ ಮೂಲ

ಇಷ್ಟೆಲ್ಲ ಯಾವುದಕ್ಕೆ ಬೇಕಿತ್ತು ಎಂದು ಕೇಳಬಹುದು. ಆ ಕಾಲದ ಗಣಿತಜ್ಞರಿಗೆ ಇದರ ದೊಡ್ಡ ಉಪಯೋಗವಿದ್ದದ್ದು ಮೂಲ ತೆಗೆಯುವುದರಲ್ಲಿ. ಕವಿಯೆಂದು ಎಲ್ಲರಿಗೂ ಗೊತ್ತಿರುವ ಉಮರ್ ಖಯ್ಯಾಮ್ ಗಣಿತಜ್ಞರೂ ಹೌದು. ವರ್ಗಮೂಲ, ಘನಮೂಲ ತೆಗೆಯುವ ಭಾರತೀಯರ ವಿಧಾನವನ್ನು ಮುಂದಿನ ಘಾತಗಳಿಗೂ ವಿಸ್ತರಿಸಿ ಬರೆದಿದ್ದೇನೆಂದು ಅವರು ತಮ್ಮ ಬೀಜಗಣಿತ ಗ್ರಂಥದಲ್ಲಿ ಹೇಳಿದ್ದಾರೆ. ಆ ಬರಹವೂ ಕಳೆದುಹೋಗಿದೆ. ವಿಧಾನವನ್ನು ಪೂರ್ತಿಯಾಗಿ ನೋಡಬೇಕಾದರೆ ಸಮರ್ಕಂದಕ್ಕೆ ಹೋಗಬೇಕು. ಅಲ್ಲಿ ಉಲುಗ್ ಬೇಗ್ ಅವರ ಆಶ್ರಯದಲ್ಲಿದ್ದ ಅಲ್-ಕಾಶಿ 1427ರಲ್ಲಿ ‘ಮಿಫ್ತಾಹುಲ್ ಹಿಸಾಬ್’ ಮುಗಿಸಿದರು. ಅದರಲ್ಲಿ ಅವರು 44240899506197 ಎಂಬ ಸಂಖ್ಯೆಯ ಐದನೇ ಮೂಲ ತೆಗೆದು ತೋರಿಸಿದ್ದಾರೆ. ಯಾವ ಸಂಖ್ಯೆಯನ್ನು ಐದು ಸಲ ಬರೆದು ಗುಣಿಸಿದರೆ ಇದು ಬರುತ್ತದೆ?

ಅವರು ಕೋಷ್ಟಕದಲ್ಲಿ ಅಂಕಿಗಳನ್ನು ಜೋಡಿಸಿ ಮಾಡಿದ ಕೆಲಸದ ಸಾರವನ್ನು ನಮ್ಮ ಲಕ್ಷ ಕೋಟಿಗಳಲ್ಲಿ ಹೇಳುತ್ತೇನೆ. ಸಂಖ್ಯೆ ಸುಮಾರು 44.24 ಲಕ್ಷ ಕೋಟಿ. 500ರ ಐದನೇ ಘಾತ 31.25 ಲಕ್ಷ ಕೋಟಿ. 600ರದು ಮಿತಿ ಮೀರುತ್ತದೆ. ಆದ್ದರಿಂದ ಮೊದಲ ಅಂಕಿ 5. ಉಳಿದದ್ದು ಸುಮಾರು 12.99 ಲಕ್ಷ ಕೋಟಿ. ಈಗ 500ಕ್ಕೆ b ಸೇರಿಸಬೇಕು. (500 + b)⁵ ನ ಎರಡನೇ ಪದ 5 × 500⁴ × b. ಇಲ್ಲಿ 5 × 500⁴ ಎಂದರೆ 31,250 ಕೋಟಿ. ಉಳಿದದ್ದನ್ನು ಅದರಿಂದ ಭಾಗಿಸಿದರೆ 41ಕ್ಕಿಂತ ಸ್ವಲ್ಪ ಹೆಚ್ಚು. ಹಾಗಾದರೆ 540 ಇರಬಹುದೇ? 540ರ ಐದನೇ ಘಾತ 45.9 ಲಕ್ಷ ಕೋಟಿ, ನಮ್ಮ ಸಂಖ್ಯೆಯನ್ನು ದಾಟುತ್ತದೆ. ಒಂದೇ ಪದದಿಂದ ಅಂದಾಜು ಮಾಡಿದಾಗ ಮುಂದಿನ ಪದಗಳ ಪಾಲು ಬಿಟ್ಟುಹೋಗಿರುತ್ತದೆ. ಅಂದಾಜು ಯಾವಾಗಲೂ ಹೆಚ್ಚಾಗಿಯೇ ಬರುತ್ತದೆ, ಕಡಿಮೆಯಾಗಿ ಬರುವುದಿಲ್ಲ. ಹಾಗಾಗಿ ಒಂದು ಕೆಳಗಿಳಿದು 530.

ಅದರ ಐದನೇ ಘಾತ ಕಳೆದರೆ ಉಳಿಯುವುದು ಸುಮಾರು 2,42,135 ಕೋಟಿ. 5 × 530⁴ ಸುಮಾರು 39,452 ಕೋಟಿ. ಭಾಗಿಸಿದರೆ ಆರಕ್ಕಿಂತ ಸ್ವಲ್ಪ ಹೆಚ್ಚು. 536ರ ಐದನೇ ಘಾತವನ್ನು ಪೂರ್ತಿ ತೆಗೆದು ನೋಡಿದರೆ 44240899506176. ಉಳಿದದ್ದು ಬರೀ 21! ಎರಡನೇ ಸಲ ಅಂದಾಜು ನೇರವಾಗಿ ಸರಿಯಾದದ್ದಕ್ಕೆ ಕಾರಣ, b ಚಿಕ್ಕದಾದಷ್ಟೂ ಮುಂದಿನ ಪದಗಳ ಪಾಲು ಕುಗ್ಗುತ್ತದೆ.

ಉಳಿದ 21ಕ್ಕೆ ಕಾಶಿ ಒಂದು ಭಿನ್ನರಾಶಿ ಕೊಟ್ಟರು. ಅದರ ಛೇದ 414237740281. ಎಲ್ಲಿಂದ ಬಂತು? ಅದು 537ರ ಐದನೇ ಘಾತಕ್ಕೂ 536ರ ಐದನೇ ಘಾತಕ್ಕೂ ಇರುವ ಅಂತರ. ಎರಡು ದೊಡ್ಡ ಘಾತಗಳನ್ನು ತೆಗೆದು ಕಳೆಯಬೇಕಿಲ್ಲ. (536 + 1)⁵ ನ ಮೊದಲ ಪದ ಬಿಟ್ಟು ಉಳಿದವನ್ನು ಬಗ್ದಾದಿನ ಕೋಷ್ಟಕದ ಐದನೇ ಸಾಲಿನಿಂದ ಕೂಡಿಸಿದರೆ ಸಾಕು: 5 × 536⁴, 10 × 536³, 10 × 536², 5 × 536 ಮತ್ತು 1.

ಈ ಎಲ್ಲ ಮಾತೂ ಪೂರ್ಣಸಂಖ್ಯೆಯ ಘಾತಗಳಿಗೆ ಮಾತ್ರ ಸಲ್ಲುತ್ತದೆ. ಘಾತ ಅರ್ಧವೋ ಮೈನಸ್ಸೋ ಆದರೆ ಆರಿಸಲು ಆವರಣಗಳೇ ಇಲ್ಲ, ಪದಗಳು ಮುಗಿಯುವುದೂ ಇಲ್ಲ. ಆ ಕ್ಷೇತ್ರಕ್ಕೆ ನಿಯಮವನ್ನು ಒಯ್ದವರು ನ್ಯೂಟನ್, 1660ರ ದಶಕದಲ್ಲಿ. ಪಠ್ಯಪುಸ್ತಕದಲ್ಲಿ ಅವರ ಹೆಸರಿರುವುದು ನ್ಯಾಯವೇ. ಅದರ ಪಕ್ಕದ ಖಾಲಿ ಜಾಗದಲ್ಲಿ ಮಹಾವೀರಾಚಾರ್ಯ, ಅಲ್-ಕರಜಿ, ಅಲ್-ಸಮವ್‌ಅಲ್, ಇಬ್ನುಲ್ ಬನ್ನಾ, ಅಲ್-ಕಾಶಿ ಎಂಬ ಹೆಸರುಗಳನ್ನು ನಮ್ಮ ಮಕ್ಕಳು ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ. ಬರೆಯುವ ಮುನ್ನ ಈ ಒಂದು ಲೆಕ್ಕ ಮಾಡಲಿ: (x + 3)¹⁰ ನಲ್ಲಿ x⁷ ಇರುವ ಪದ ಯಾವುದು? ರೇಷ್ಮೆಯ ಹತ್ತು ಬಣ್ಣಗಳಲ್ಲಿ ಮೂರನ್ನು ಆರಿಸುವ 120 ಬಗೆಗಳು, ಪ್ರತಿಯೊಂದರಲ್ಲೂ 27. ಉತ್ತರ 3240x⁷ ಬಂದರೆ ಲೆಕ್ಕ ಸರಿ.